ಎರಡು ವರ್ಷದ ಫಲಿತಾಂಶ, ಇಪ್ಪತ್ತೆಂಟು ಶಾಲೆ: ಸ್ಲೋಪ್ ಚಾರ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮುಖ್ಯ ಶಿಕ್ಷಕರ ಸಭೆ ಇದ್ದೇ ಇರುತ್ತದೆ. ಆ ಸಭೆಗೆ ಚಾರ್ಟ್ ಮಾಡಿಕೊಡುವ ಕೆಲಸ ಯಾರದೋ ತಲೆಗೆ ಬಂದೇ ಬರುತ್ತದೆ. ಹೆಚ್ಚಾಗಿ ಗಣಿತದ ಮೇಷ್ಟ್ರ ತಲೆಗೆ, ಇಲ್ಲವೇ ಕಂಪ್ಯೂಟರ್ ಗೊತ್ತಿದೆ ಅಂತ ಒಮ್ಮೆ ಬಾಯಿ ಬಿಟ್ಟವರ ತಲೆಗೆ. ನಾನು ಎರಡನೇ ಗುಂಪಿನವನು. ಕೆಲವು ವರ್ಷ ಜೋಡಿ ಬಾರ್ ಚಾರ್ಟ್ ಮಾಡಿಕೊಟ್ಟೆ. ಆಮೇಲೆ ಸ್ಲೋಪ್ ಚಾರ್ಟ್‌ಗೆ ಬಂದೆ. ಅದನ್ನು ನೋಡಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಸ್ಲೋಪ್ ಚಾರ್ಟ್ ಅಂದರೆ ಏನು?

ಹಾಳೆಯ ಮೇಲೆ ಎರಡು ನೆಟ್ಟನೆಯ ಗೆರೆ ಎಳೆಯಿರಿ. ಎಡಗಡೆಯದು 2023, ಬಲಗಡೆಯದು 2024. ಎರಡರಲ್ಲೂ ಒಂದೇ ಅಳತೆ, ಕೆಳಗೆ ಶೇ 40, ಮೇಲೆ ಶೇ 100 ಅಂತಿಟ್ಟುಕೊಳ್ಳಿ. ಪ್ರತಿ ಶಾಲೆಗೂ ಎಡಕ್ಕೊಂದು, ಬಲಕ್ಕೊಂದು ಚುಕ್ಕಿ ಇಟ್ಟು ಎರಡನ್ನೂ ಸೇರಿಸಿ. ಅಷ್ಟೇ. ಫಲಿತಾಂಶ ಏರಿದ್ದರೆ ಗೆರೆ ಮೇಲಕ್ಕೆ ಹೋಗುತ್ತದೆ, ಇಳಿದಿದ್ದರೆ ಕೆಳಕ್ಕೆ. ಗೆರೆ ಎಷ್ಟು ಕಡಿದಾಗಿದೆಯೋ ಬದಲಾವಣೆ ಅಷ್ಟು ದೊಡ್ಡದು.

ಇದನ್ನು ಜನಪ್ರಿಯ ಮಾಡಿದವರು ಅಮೆರಿಕದ ಎಡ್ವರ್ಡ್ ಟಫ್ಟಿ. 1983ರ ತಮ್ಮ ಪುಸ್ತಕದಲ್ಲಿ ಅವರು 15 ದೇಶಗಳ ಸರ್ಕಾರಿ ಆದಾಯವನ್ನು 1970 ಮತ್ತು 1979ಕ್ಕೆ ಹೀಗೆ ಹೋಲಿಸಿ ತೋರಿಸಿದ್ದರು. ಸ್ವೀಡನ್‌ನ ಆದಾಯ ಅಲ್ಲಿನ ಒಟ್ಟು ಉತ್ಪನ್ನದ ಶೇ 46.9ರಿಂದ 57.4ಕ್ಕೆ ಏರಿತ್ತು. ಬ್ರಿಟನ್‌ದು 40.7ರಿಂದ 39.0ಕ್ಕೆ ಇಳಿದಿತ್ತು. ಹದಿನೈದರಲ್ಲಿ ಹದಿನಾಲ್ಕು ಗೆರೆ ಮೇಲಕ್ಕೆ, ಬ್ರಿಟನ್ ಒಂದೇ ಕೆಳಕ್ಕೆ. ಇಳಿದಿದ್ದು ಎರಡು ಅಂಶ ಕೂಡ ಇಲ್ಲ, ಆದರೂ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಎಲ್ಲರೂ ಒಂದು ಕಡೆ ಹೋಗುತ್ತಿರುವಾಗ ಬೇರೆ ಕಡೆ ಹೊರಟವರು ಯಾರು ಅನ್ನುವುದನ್ನು ಈ ಚಾರ್ಟ್ ಎಲ್ಲಕ್ಕಿಂತ ಚೆನ್ನಾಗಿ ಹೇಳುತ್ತದೆ.

ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಅಂಥದ್ದೇನಾದರೂ ಕಾಣುತ್ತದಾ?

ಕಾಣುತ್ತದೆ, ಅದೂ ತುಂಬ ಸ್ಪಷ್ಟವಾಗಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರ ಪರೀಕ್ಷೆ-1ರಲ್ಲಿ ಅದು ಶೇ 73.40ಕ್ಕೆ ಬಂತು, ಅಂದರೆ ಹತ್ತೂವರೆ ಅಂಶ ಇಳಿಕೆ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು.

ಈಗ ಮೂರು ಜಿಲ್ಲೆಗಳ ಗೆರೆ ಎಳೆಯೋಣ. ಚಿತ್ರದುರ್ಗ 2023ರಲ್ಲಿ ಶೇ 96.80 ಪಡೆದು ರಾಜ್ಯಕ್ಕೇ ಮೊದಲು. 2024ರಲ್ಲಿ ಶೇ 72.85, ಸ್ಥಾನ 21. ಯಾದಗಿರಿ ಶೇ 75.49ರಿಂದ 50.59ಕ್ಕೆ ಇಳಿಯಿತು. ಉಡುಪಿ 2023ರಲ್ಲಿ ಶೇ 90ಕ್ಕೂ ಕೊಂಚ ಕೆಳಗಿತ್ತು, 2024ರಲ್ಲಿ ಶೇ 94ಕ್ಕೆ ಏರಿ ಮೊದಲನೆಯದಾಯಿತು.

ಚಿತ್ರದುರ್ಗದ ಗೆರೆ ಮೇಲಿನ ತುದಿಯಿಂದ ಜಾರಿಕೊಂಡು ಬರುತ್ತದೆ. ಉಡುಪಿಯ ಗೆರೆ ಅದನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಚಿತ್ರದುರ್ಗದ ಗೆರೆಗೂ ಯಾದಗಿರಿಯ ಗೆರೆಗೂ ಬಹುತೇಕ ಒಂದೇ ಇಳಿಜಾರು, ಎರಡೂ ಸುಮಾರು 24-25 ಅಂಶ ಇಳಿದಿವೆ. ಒಂದು ಮೇಲಿನಿಂದ ಹೊರಟಿದೆ, ಇನ್ನೊಂದು ಕೆಳಗಿನಿಂದ, ಅಷ್ಟೇ ವ್ಯತ್ಯಾಸ. ಯಾದಗಿರಿ ಯಾವಾಗಲೂ ಕೆಳಗೇ ಇರುತ್ತದೆ ಅಂತ ಸುಮ್ನೆ ಬಿಟ್ಟುಬಿಡುವವರೂ ಆ ಎರಡು ಗೆರೆಗಳನ್ನು ಒಟ್ಟಿಗೆ ನೋಡಿದರೆ ಒಂದು ಕ್ಷಣ ನಿಲ್ಲುತ್ತಾರೆ.

ಇದೆಲ್ಲ ಜೋಡಿ ಬಾರ್‌ನಲ್ಲೂ ಇರುತ್ತದಲ್ವಾ?

ಅಂಕಿ ಅಲ್ಲೂ ಇರುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಜೋಡಿ ಬಾರ್ ಅಂದರೆ ಪ್ರತಿ ಶಾಲೆಗೆ ಅಕ್ಕಪಕ್ಕ ಎರಡು ಕಂಬ, ಒಂದು ಹೋದ ವರ್ಷದ್ದು, ಒಂದು ಈ ವರ್ಷದ್ದು. ಪಠ್ಯಪುಸ್ತಕದಲ್ಲಿ ಸ್ತಂಭಾಲೇಖ ಅಂತ ಓದಿದ್ದೇವಲ್ಲ, ಅದೇ.

ತಾಲ್ಲೂಕಿನಲ್ಲಿ 28 ಪ್ರೌಢಶಾಲೆ ಇವೆ ಅನ್ನಿ. ಜೋಡಿ ಬಾರ್‌ಗೆ 56 ಕಂಬ ಬೇಕು. ಎ4 ಹಾಳೆಯನ್ನು ಅಡ್ಡ ಇಟ್ಟರೂ ಚಾರ್ಟ್‌ಗೆ ಸಿಗುವುದು ಸುಮಾರು 25 ಸೆಂ.ಮೀ. ಒಂದು ಶಾಲೆಗೆ 9 ಮಿ.ಮೀ. ಮಾತ್ರ. ನಡುವೆ ಸ್ವಲ್ಪ ಜಾಗ ಬಿಟ್ಟರೆ ಒಂದು ಕಂಬಕ್ಕೆ ಮೂರೂವರೆ ಮಿ.ಮೀ. ಹೆಸರುಗಳನ್ನೆಲ್ಲ ನಿಲ್ಲಿಸಿ ಬರೆಯಬೇಕಾಗುತ್ತದೆ. ಸಭೆಯಲ್ಲಿ ಎಲ್ಲರೂ ಕತ್ತು ಓರೆ ಮಾಡಿಕೊಂಡು ತಮ್ಮ ಶಾಲೆ ಹುಡುಕುತ್ತಾ ಕೂರುತ್ತಾರೆ.

ಜಾಗಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮಗೆ ಬೇಕಾಗಿರುವುದು ಬದಲಾವಣೆ, ಆದರೆ ಜೋಡಿ ಬಾರ್‌ನಲ್ಲಿ ಬದಲಾವಣೆಯ ಗುರುತೇ ಇಲ್ಲ. ಎರಡು ಕಂಬದ ತುದಿ ನೋಡಿ, ಮನಸ್ಸಿನಲ್ಲೇ ಕಳೆದು, ಉತ್ತರ ನೆನಪಿಟ್ಟುಕೊಂಡು, ಮುಂದಿನ ಜೋಡಿಗೆ ಹೋಗಬೇಕು. ಹೀಗೆ 28 ಸಲ. ಸ್ಲೋಪ್ ಚಾರ್ಟ್‌ನಲ್ಲಿ ಆ ಕಳೆಯುವ ಲೆಕ್ಕವೇ ಗೆರೆಯಾಗಿ ಬಿದ್ದಿರುತ್ತದೆ.

ಇನ್ನು ಜೋಡಿಸುವ ಕ್ರಮ. ಬಾರ್‌ಗಳನ್ನು 2023ರ ಅಂಕಿಯ ಪ್ರಕಾರ ಜೋಡಿಸಿದರೆ 2024ರ ಕ್ರಮ ಕೆಡುತ್ತದೆ, 2024ರ ಪ್ರಕಾರ ಜೋಡಿಸಿದರೆ 2023ರದು. ಸ್ಲೋಪ್ ಚಾರ್ಟ್‌ನಲ್ಲಿ ಎಡಗಡೆ ಹೋದ ವರ್ಷದ ಕ್ರಮ ತಾನಾಗೇ ಇರುತ್ತದೆ, ಬಲಗಡೆ ಈ ವರ್ಷದ್ದು.

ಹಾಗಾದರೆ ಬಾರ್ ಚಾರ್ಟ್ ಯಾವತ್ತೂ ಬೇಡವೇ?

ಬೇಕು. ನಾಲ್ಕೈದು ಶಾಲೆ ಇದ್ದರೆ ನಾನು ಈಗಲೂ ಜೋಡಿ ಬಾರ್ ಮಾಡುತ್ತೇನೆ. ಎಲ್ಲರಿಗೂ ಓದಲು ಗೊತ್ತು, ಕಂಬದ ಮೇಲೇ ಅಂಕಿ ಬರೆಯಬಹುದು, ಯಾರಿಗೂ ವಿವರಿಸಬೇಕಾಗಿಲ್ಲ. ಎಷ್ಟು ಮಕ್ಕಳು ಪಾಸಾದರು ಅನ್ನುವ ಎಣಿಕೆ ತೋರಿಸುವಾಗಲೂ ಕಂಬವೇ ಸರಿ. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಕಂಬವೂ ಹಾಗೇ.

ಎಂಟು ಶಾಲೆ ದಾಟಿತು, ಕೇಳುತ್ತಿರುವುದು "ಯಾರು ಏರಿದರು, ಯಾರು ಇಳಿದರು" ಅಂತ, ಇರುವುದು ಎರಡೇ ವರ್ಷ. ಈ ಮೂರೂ ಸೇರಿದರೆ ಸ್ಲೋಪ್ ಚಾರ್ಟ್‌ಗೆ ಹೋಗಿ. ಎಂಟು ಅನ್ನುವುದು ಶಾಸ್ತ್ರವೇನಲ್ಲ, ನನ್ನ ಅಂದಾಜು.

ಒಂದು ತಾಲ್ಲೂಕಿನ ಉದಾಹರಣೆ ಬಿಡಿಸಿ ಹೇಳಿ.

ಇಲ್ಲಿಂದ ಮುಂದಿನ ಶಾಲೆಗಳೂ ಅಂಕಿಗಳೂ ನಾನೇ ಮಾಡಿಕೊಂಡವು. ನಿಜವಾದ ಶಾಲೆಯನ್ನು ಚಾರ್ಟ್‌ನಲ್ಲಿಟ್ಟು ಮಾನ ಕಳೆಯುವ ಆಸೆ ನನಗಿಲ್ಲ. ತಾಲ್ಲೂಕಿನಲ್ಲಿ 28 ಶಾಲೆ, ತಾಲ್ಲೂಕಿನ ಒಟ್ಟು ಫಲಿತಾಂಶ ಶೇ 86ರಿಂದ 76ಕ್ಕೆ ಇಳಿದಿದೆ. ಅದರಲ್ಲಿ ಐದು ಶಾಲೆಗಳನ್ನು ನೋಡೋಣ.

| ಶಾಲೆ | 2023 (ಪಾಸ್/ಬರೆದವರು) | ಶೇ | 2024 (ಪಾಸ್/ಬರೆದವರು) | ಶೇ |
|---|---|---|---|---|
| ಪೇಟೆ ಶಾಲೆ | 117/120 | 97.5 | 77/110 | 70 |
| ಗುಡ್ಡದ ಶಾಲೆ | 12/12 | 100 | 9/12 | 75 |
| ಸಂತೆ ಶಾಲೆ | 54/60 | 90 | 52/65 | 80 |
| ಕೆರೆ ಶಾಲೆ | 36/45 | 80 | 45/50 | 90 |
| ಗಡಿ ಶಾಲೆ | 24/40 | 60 | 24/40 | 60 |

ಮೊದಲು 28 ಗೆರೆಗಳನ್ನೂ ತಿಳಿ ಬೂದು ಬಣ್ಣದಲ್ಲಿ ಎಳೆಯಿರಿ. ಅದರ ಮೇಲೆ ತಾಲ್ಲೂಕಿನ ಗೆರೆಯನ್ನು, 86ರಿಂದ 76ಕ್ಕೆ, ಚುಕ್ಕಿ ಚುಕ್ಕಿಯಾಗಿ ಎಳೆಯಿರಿ. ಈ ಚುಕ್ಕಿ ಗೆರೆಯನ್ನು ದಯವಿಟ್ಟು ಬಿಡಬೇಡಿ. ಇದಿಲ್ಲದಿದ್ದರೆ ಸಂತೆ ಶಾಲೆ ಹತ್ತು ಅಂಶ ಇಳಿದಿದೆ ಅಂತ ಮೇಷ್ಟ್ರನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಚುಕ್ಕಿ ಗೆರೆ ಪಕ್ಕದಲ್ಲಿದ್ದರೆ ಗೊತ್ತಾಗುತ್ತದೆ, ಸಂತೆ ಶಾಲೆಯ ಗೆರೆ ಅದಕ್ಕೆ ಸರಿಸಮ ಓರೆಯಾಗಿದೆ. ತಾಲ್ಲೂಕು ಎಷ್ಟು ಇಳಿಯಿತೋ ಅದೂ ಅಷ್ಟೇ ಇಳಿದಿದೆ. ಅಲ್ಲಿ ಪ್ರತ್ಯೇಕವಾಗಿ ಕೇಳುವಂಥದ್ದು ಏನೂ ನಡೆದಿಲ್ಲ.

ಈಗ ಗಡಿ ಶಾಲೆ ನೋಡಿ. ಶೇ 60, ಮತ್ತೆ ಶೇ 60. ಜೋಡಿ ಬಾರ್‌ನಲ್ಲಿ ಇದು ಎರಡು ಕುಳ್ಳ ಕಂಬ. ಸಭೆಯಲ್ಲಿ "ಇವರು ಯಾವಾಗಲೂ ಹೀಗೇ" ಅನ್ನುವ ಮಾತು ಬರುತ್ತದೆ. ಸ್ಲೋಪ್ ಚಾರ್ಟ್‌ನಲ್ಲಿ ಸುತ್ತಲಿನ ಗೆರೆಗಳೆಲ್ಲ ಕೆಳಕ್ಕೆ ಬಾಗಿರುವಾಗ ಇದೊಂದು ನೆಟ್ಟಗೆ ಮಲಗಿದೆ. ಎಲ್ಲ ಕಡೆ ಹತ್ತು ಅಂಶ ಕುಸಿದ ವರ್ಷದಲ್ಲಿ ಇವರು ಒಂದನ್ನೂ ಬಿಟ್ಟುಕೊಟ್ಟಿಲ್ಲ. ಹೋದ ವರ್ಷದ ಅವರ ಅರವತ್ತು ಬಹುಶಃ ನಿಜವಾದ ಅರವತ್ತೇ ಇರಬಹುದು ಅನ್ನುವ ಅನುಮಾನವೂ ಬರುತ್ತದೆ. ಅದನ್ನು ಚಾರ್ಟ್ ಸಾಬೀತು ಮಾಡುವುದಿಲ್ಲ, ಹೋಗಿ ಕೇಳಿ ಅನ್ನುತ್ತದೆ, ಅಷ್ಟೇ.

ಕೆರೆ ಶಾಲೆಯ ಗೆರೆ ಹೇಳಬೇಕಾಗಿಯೇ ಇಲ್ಲ. ಇಳಿಯುತ್ತಿರುವ ಗೆರೆಗಳನ್ನು ಕತ್ತರಿಸಿಕೊಂಡು ಮೇಲಕ್ಕೆ ಹೋಗುತ್ತದೆ. ಹಿಂದಿನ ಬೆಂಚಿನಿಂದಲೂ ಕಾಣುತ್ತದೆ.

ಪೇಟೆ ಶಾಲೆ, ಗುಡ್ಡದ ಶಾಲೆ ಎರಡೂ ಒಂದೇ ಥರ ಬಿದ್ದಿವೆ. ಇಬ್ಬರನ್ನೂ ಒಂದೇ ಥರ ಕೇಳಬೇಕಾ?

ಬೇಡ. ಸ್ಲೋಪ್ ಚಾರ್ಟ್ ಮೋಸ ಮಾಡುವುದೇ ಇಲ್ಲಿ. ನಾನೂ ಮೊದಲ ವರ್ಷ ಇಲ್ಲೇ ಎಡವಿದೆ.

ಒಂದು ಗೆರೆ 97.5ರಿಂದ 70ಕ್ಕೆ, ಇನ್ನೊಂದು 100ರಿಂದ 75ಕ್ಕೆ. ಚಾರ್ಟ್‌ನಲ್ಲಿ ಎರಡೂ ಅವಳಿ ಗೆರೆಗಳ ಹಾಗೆ ಕಾಣುತ್ತವೆ. ಆದರೆ ಗುಡ್ಡದ ಶಾಲೆಯಲ್ಲಿ ಪರೀಕ್ಷೆ ಬರೆದವರೇ ಹನ್ನೆರಡು ಮಕ್ಕಳು. ಅಲ್ಲಿ ಒಂದು ಮಗು ಅಂದರೆ 8.3 ಅಂಶ. ಇಡೀ ಇಳಿಕೆ ಮೂರು ಮಕ್ಕಳದ್ದು. ಒಬ್ಬನಿಗೆ ಪರೀಕ್ಷೆ ಹೊತ್ತಿಗೆ ಜ್ವರ ಬಂದಿರಬಹುದು, ಇನ್ನೊಬ್ಬಳು ವರ್ಷದ ನಡುವೆ ಬೇರೆ ಊರಿನಿಂದ ಬಂದು ಸೇರಿರಬಹುದು. ಪೇಟೆ ಶಾಲೆಯಲ್ಲಿ ಹೋದ ವರ್ಷದ ಮಟ್ಟ ಉಳಿದಿದ್ದರೆ 110ರಲ್ಲಿ 107 ಮಕ್ಕಳು ಪಾಸಾಗಬೇಕಿತ್ತು. ಆಗಿರುವುದು 77. ಅಂದರೆ ಮೂವತ್ತು ಮಕ್ಕಳು. ಒಂದು ಇಡೀ ಸೆಕ್ಷನ್ ಅನ್ನಿ.

ಕಾಕತಾಳೀಯವಾಗಿ ಎಷ್ಟು ಏರುಪೇರು ಆಗಬಹುದು ಅಂತ ಅಂದಾಜು ಮಾಡಲು ಈ ಸೂತ್ರ ಸಾಕು:

```
sqrt(p * (1 - p) / n) * 1.4 * 100
```

`p` ಅಂದರೆ ಪಾಸಾದ ಪಾಲು, `n` ಅಂದರೆ ಬರೆದ ಮಕ್ಕಳು. ಎರಡು ವರ್ಷದ ಏರುಪೇರು ಸೇರುವುದರಿಂದ 1.4ರಿಂದ ಗುಣಿಸುತ್ತೇವೆ, ಶೇಕಡಾ ಅಂಶಕ್ಕೆ ತರಲು ಕೊನೆಗೆ 100ರಿಂದ. `p`ಗೆ 0.8 ಹಾಕಿದರೆ 12 ಮಕ್ಕಳ ಶಾಲೆಗೆ ಸುಮಾರು 16 ಅಂಶ ಬರುತ್ತದೆ, 110 ಮಕ್ಕಳ ಶಾಲೆಗೆ ಸುಮಾರು ಐದೂವರೆ. ಇಳಿಕೆ ಇದರ ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ ಮಾತ್ರ ನಾನು ತಲೆ ಕೆಡಿಸಿಕೊಳ್ಳುತ್ತೇನೆ. ಗುಡ್ಡದ ಶಾಲೆಯ 25 ಅಂಶ ಆ ಮಿತಿಯೊಳಗೇ ಇದೆ. ಪೇಟೆ ಶಾಲೆಯ 27.5 ಅದನ್ನು ದಾಟಿ ಎಲ್ಲೋ ಹೋಗಿದೆ.

ಚಾರ್ಟ್‌ನಲ್ಲಿ ಇದನ್ನು ತೋರಿಸಲು ಸುಲಭದ ದಾರಿ ಗೆರೆಯ ದಪ್ಪ. ಮಕ್ಕಳು ಜಾಸ್ತಿ ಇರುವ ಶಾಲೆಗೆ ದಪ್ಪ ಗೆರೆ, ಕಡಿಮೆ ಇದ್ದರೆ ಸಣ್ಣ ಗೆರೆ. ಆಗ ಗುಡ್ಡದ ಶಾಲೆ ಎಳೆ ದಾರದ ಹಾಗೆ ಬೀಳುತ್ತದೆ, ಪೇಟೆ ಶಾಲೆ ಹಗ್ಗದ ಹಾಗೆ. ಹದಿನೈದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಎಷ್ಟೋ ಸಲ ನಾನು ಚಾರ್ಟ್‌ನಿಂದ ತೆಗೆದು ಪಕ್ಕದಲ್ಲಿ ಪಟ್ಟಿ ಮಾಡಿಡುತ್ತೇನೆ. ಬರೀ ಶೇಕಡಾ ಬದಲು "12ರಲ್ಲಿ 9" ಅಂತಲೇ ಬರೆಯುತ್ತೇನೆ.

ಹೋದ ವರ್ಷ ಶೇ 100 ಬಂದ ಶಾಲೆಗಳೆಲ್ಲ ಇಳಿದಂತೆಯೇ ಕಾಣುತ್ತವಲ್ಲ?

ನೂರರ ಮೇಲೆ ಹೋಗಲು ಜಾಗ ಇಲ್ಲ. ಅವು ಇದ್ದಲ್ಲೇ ಇರಬೇಕು, ಇಲ್ಲವೇ ಇಳಿಯಬೇಕು. ಚಿಕ್ಕ ಶಾಲೆಗಳಲ್ಲಿ ನೂರು ಬರುವುದರಲ್ಲಿ ಅದೃಷ್ಟದ ಪಾಲೂ ಇರುತ್ತದೆ, ಮುಂದಿನ ವರ್ಷ ಅದು ಕೈಕೊಡುತ್ತದೆ. ತೀರಾ ಕೆಳಗಿದ್ದ ಶಾಲೆಗಳು ಕೊಂಚ ಏರುವುದೂ ಹೀಗೆಯೇ. ಹಾಗಾಗಿ ಮೇಲಿನ ಗೆರೆಗಳು ಕೆಳಕ್ಕೆ, ಕೆಳಗಿನವು ಮೇಲಕ್ಕೆ ಬಾಗಿ ನಡುವೆ ಸೇರುವ ಹಾಗೆ ಕಂಡರೆ ಅದನ್ನೇ ದೊಡ್ಡ ಸುದ್ದಿ ಮಾಡಬೇಡಿ.

ಯಾವ ಅಂಕಿಯನ್ನು ಯಾವುದರ ಜೊತೆ ಹೋಲಿಸಬೇಕು?

ಚಾರ್ಟ್ ಮಾಡುವ ಮುಂಚೆ ಇದನ್ನೇ ನೋಡಬೇಕು. 2024ರಿಂದ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಬಂತು. ಅದಕ್ಕೆ ಮುಂಚೆ ಮುಖ್ಯ ಪರೀಕ್ಷೆ, ಆಮೇಲೆ ಪೂರಕ ಪರೀಕ್ಷೆ ಇತ್ತು. ಒಂದು ಶಾಲೆಯವರು ಮೂರೂ ಪರೀಕ್ಷೆ ಮುಗಿದ ಮೇಲಿನ ಅಂಕಿ ಕಳಿಸುತ್ತಾರೆ, ಇನ್ನೊಬ್ಬರು ಪರೀಕ್ಷೆ-1ರದ್ದು ಮಾತ್ರ ಕಳಿಸುತ್ತಾರೆ. ಎರಡನ್ನೂ ಒಂದೇ ಗೆರೆಯ ಮೇಲೆ ಇಟ್ಟರೆ ಚಾರ್ಟ್ ಚಂದ ಕಾಣುತ್ತದೆ, ಆದರೆ ಸುಳ್ಳು ಹೇಳುತ್ತದೆ. 2023ರ ಮುಖ್ಯ ಪರೀಕ್ಷೆಯನ್ನು 2024ರ ಪರೀಕ್ಷೆ-1ರ ಜೊತೆ ಇಡಿ. ಶಾಲೆಯಿಂದ ಮೊದಲ ಸಲ ಬರೆದ ಮಕ್ಕಳನ್ನು ಮಾತ್ರ ಎಣಿಸುವುದಾದರೆ ಎರಡೂ ವರ್ಷ ಹಾಗೇ ಎಣಿಸಿ. ಖಾಸಗಿ ಅಭ್ಯರ್ಥಿಗಳನ್ನು ಒಂದು ವರ್ಷ ಸೇರಿಸಿ ಇನ್ನೊಂದು ವರ್ಷ ಬಿಡಬೇಡಿ.

ಅಷ್ಟು ಮಾಡಿದರೂ ಒಂದು ಮಾತನ್ನು ಚಾರ್ಟ್‌ನ ಕೆಳಗೆ ಬರೆಯಲೇಬೇಕು. 2024ರಲ್ಲಿ ಕ್ಯಾಮೆರಾ ಬಂದಿತ್ತು ಅಂದೆನಲ್ಲ, ಅದರ ಜೊತೆ ಫಲಿತಾಂಶ ತೀರಾ ಕುಸಿದಿದ್ದಕ್ಕೆ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ್ದರು. ಒಂದು ಫಲಿತಾಂಶವನ್ನು ಕೆಳಕ್ಕೆ ತಳ್ಳಿತು, ಇನ್ನೊಂದು ಮೇಲಕ್ಕೆ ಎತ್ತಿತು. ಆದ್ದರಿಂದ ಈ ಎರಡು ವರ್ಷದ ಗೆರೆ ನೋಡಿ "ಪಾಠ ಕೆಟ್ಟಿತು" ಅಂತ ಹೇಳಲು ಬರುವುದಿಲ್ಲ. ನಿಯಮ ಎಲ್ಲ ಶಾಲೆಗೂ ಒಂದೇ ಆಗಿದ್ದರಿಂದ ಒಂದು ಶಾಲೆ ಇನ್ನೊಂದಕ್ಕಿಂತ ಎಷ್ಟು ಜಾಸ್ತಿ ಅಥವಾ ಕಡಿಮೆ ಇಳಿಯಿತು ಅನ್ನುವುದನ್ನು ಮಾತ್ರ ಕೇಳಬಹುದು. ಚುಕ್ಕಿ ಗೆರೆ ಬೇಕು ಅಂದಿದ್ದು ಅದಕ್ಕೇ.

ಅಳತೆ ಸೊನ್ನೆಯಿಂದ ಶುರುವಾಗಬೇಕಲ್ವಾ?

ಬಾರ್ ಚಾರ್ಟ್‌ಗೆ ಹೌದು. ಅಲ್ಲಿ ಕಂಬದ ಉದ್ದವೇ ಅಂಕಿ. ಬುಡ ಕತ್ತರಿಸಿದರೆ 80 ಮತ್ತು 90ರ ವ್ಯತ್ಯಾಸ ಎರಡು ಪಟ್ಟಿನ ಹಾಗೆ ಕಾಣಬಹುದು. ಸ್ಲೋಪ್ ಚಾರ್ಟ್‌ನಲ್ಲಿ ಅಂಕಿ ಇರುವುದು ಚುಕ್ಕಿಯ ಜಾಗದಲ್ಲಿ, ಹಾಗಾಗಿ 40ರಿಂದ ಶುರು ಮಾಡಬಹುದು. ಜೋಡಿ ಬಾರ್‌ನಲ್ಲಿ ಸೊನ್ನೆಯಿಂದ ನಲವತ್ತರವರೆಗಿನ ಜಾಗ ಸುಮ್ನೆ ಬಣ್ಣ ತುಂಬಲು ಹೋಗುತ್ತಿತ್ತು. ಅದು ಇಲ್ಲಿ ಉಳಿಯುತ್ತದೆ.

ಆದರೆ ಎಡಕ್ಕೂ ಬಲಕ್ಕೂ ಅಳತೆ ಒಂದೇ ಇರಲೇಬೇಕು. ಎಡಗಡೆ 60ರಿಂದ 100, ಬಲಗಡೆ 40ರಿಂದ 100 ಅಂತ ಮಾಡಿದ ಚಾರ್ಟನ್ನು ನಾನು ಒಂದು ಸಭೆಯಲ್ಲಿ ನೋಡಿದ್ದೇನೆ. ಎರಡನೇ ಅಕ್ಷ ತಾನಾಗೇ ಬಂದಿತ್ತಂತೆ. ಇಳಿದ ಕೆಲವು ಶಾಲೆಗಳು ಏರಿದ ಹಾಗೆ ಕಾಣುತ್ತಿದ್ದವು, ಒಬ್ಬರಿಗೆ ಚಪ್ಪಾಳೆಯೂ ಬಿತ್ತು. ಪರೀಕ್ಷಿಸುವುದು ಸುಲಭ. ಬದಲಾಗದ ಶಾಲೆ ಒಂದನ್ನು ಹಿಡಿಯಿರಿ, ನಮ್ಮ ಗಡಿ ಶಾಲೆಯಂಥದ್ದು. ಅದರ ಗೆರೆ ನೆಟ್ಟಗೆ ಮಲಗಿಲ್ಲ ಅಂದರೆ ಅಳತೆ ತಪ್ಪಿದೆ.

ಚಾರ್ಟ್‌ನ ಅಗಲವೂ ಗೆರೆಯ ಓರೆಯನ್ನು ಬದಲಿಸುತ್ತದೆ. ಎರಡು ವರ್ಷಗಳ ನಡುವಿನ ಜಾಗ ಹಿಗ್ಗಿಸಿದರೆ ಪ್ರಪಾತವೂ ಬಯಲಾಗುತ್ತದೆ. ಕುಗ್ಗಿಸಿದರೆ ಸಣ್ಣ ಇಳಿಕೆಯೂ ಬಂಡೆಯಿಂದ ಬಿದ್ದ ಹಾಗೆ. ಪ್ರತಿ ವರ್ಷ ಒಂದೇ ಅಳತೆಯ ಚಾರ್ಟ್ ಮಾಡಿ, ಹೋದ ವರ್ಷದ ಹಾಳೆಯ ಪಕ್ಕ ಇಟ್ಟು ನೋಡಬಹುದು.

ಶೇಕಡಾ ಬದಲು ಸ್ಥಾನ ತೋರಿಸಿದರೆ?

ಪತ್ರಿಕೆಗಳಿಗೆ ಸ್ಥಾನ ಇಷ್ಟ. ನನಗೆ ಇಷ್ಟವಿಲ್ಲ. 2023ರಲ್ಲಿ ಮೊದಲ ಮೂರು ಜಿಲ್ಲೆಗಳು ಚಿತ್ರದುರ್ಗ 96.80, ಮಂಡ್ಯ 96.74, ಹಾಸನ 96.68. ಒಂದಕ್ಕೂ ಮೂರಕ್ಕೂ ನಡುವೆ ಇರುವುದು 0.12 ಅಂಶ. ಸ್ಥಾನದ ಚಾರ್ಟ್‌ನಲ್ಲಿ ಈ ಮೂರೂ ಸಮ ದೂರದ ಮೂರು ಮೆಟ್ಟಿಲಾಗುತ್ತವೆ. 28 ಶಾಲೆಗಳಲ್ಲಿ ಹತ್ತು ಶಾಲೆ 84ರಿಂದ 88ರ ನಡುವೆ ಗುಂಪಾಗಿದ್ದರೆ ಎರಡು ಅಂಶ ಇಳಿದವರು ನಾಲ್ಕೈದು ಸ್ಥಾನ ಕೆಳಗೆ ಹೋಗುತ್ತಾರೆ. ಗೆರೆ ನೋಡಿದರೆ ದೊಡ್ಡ ಅನಾಹುತ ಆದಂತೆ.

ಎಕ್ಸೆಲ್‌ನಲ್ಲಿ ಮಾಡಲು ಬರುತ್ತದಾ?

ಬರುತ್ತದೆ. ಮೊದಲ ಸಾಲಿನಲ್ಲಿ ವರ್ಷಗಳು, ಮೊದಲ ಕಾಲಂನಲ್ಲಿ ಶಾಲೆಗಳು. ಎಡ ಮೇಲಿನ ಮೂಲೆಯ ಸೆಲ್ ಖಾಲಿ ಬಿಡಿ. ಅಲ್ಲಿ "ಶಾಲೆ" ಅಂತ ಬರೆದರೆ 2023, 2024 ಎರಡನ್ನೂ ಎಕ್ಸೆಲ್ ಫಲಿತಾಂಶ ಅಂದುಕೊಂಡು ಎರಡು ಸಾವಿರದ ಎತ್ತರಕ್ಕೆ ಚುಕ್ಕಿ ಇಡಬಹುದು. ಪಟ್ಟಿಯನ್ನು ಆರಿಸಿ `Insert` ಒಳಗೆ `Line with Markers` ಒತ್ತಿ.

ಈಗ ಬರುವ ಚಾರ್ಟ್ ನೋಡಿ ಗಾಬರಿ ಆಗಬೇಡಿ. ಶಾಲೆಗಳೆಲ್ಲ ಕೆಳಗೆ ಸಾಲಾಗಿ ನಿಂತು ಎರಡೇ ಗೆರೆ ಅಂಕುಡೊಂಕಾಗಿ ಓಡುತ್ತಿರುತ್ತವೆ. `Chart Design` ಒಳಗೆ `Switch Row/Column` ಒತ್ತಿದರೆ 28 ಗೆರೆ ಬರುತ್ತವೆ. ಆಮೇಲೆ ಅಕ್ಷದ `Minimum` ಜಾಗದಲ್ಲಿ 40 ಹಾಕಿ. ಕೆಳಗಿನ ಅಕ್ಷದಲ್ಲಿ `On tick marks` ಆರಿಸಿದರೆ ಚುಕ್ಕಿಗಳು ಅಂಚಿಗೆ ಸರಿಯುತ್ತವೆ. ಬಣ್ಣಬಣ್ಣದ `Legend` ಅಳಿಸಿಬಿಡಿ, 28 ಬಣ್ಣಗಳಲ್ಲಿ ಯಾರಿಗೂ ತಮ್ಮ ಶಾಲೆ ಸಿಗುವುದಿಲ್ಲ. ಲಿಬ್ರೆ ಆಫೀಸ್‌ನಲ್ಲಿ ಇದೇ ಕೆಲಸಕ್ಕೆ `Data series in rows` ಇದೆ, ಗೂಗಲ್ ಶೀಟ್ಸ್‌ನಲ್ಲಿ `Switch rows / columns`.

ಪೈಥಾನ್ ಗೊತ್ತಿರುವವರಿಗೆ?

ಇಷ್ಟು ಸಾಕು:

```python
import pandas as pd
import matplotlib.pyplot as plt

plt.rcParams["svg.fonttype"] = "none"
d = pd.read_csv("shale.csv")   # shale,y2023,y2024,n2024
torisu = ["Pete", "Kere", "Gadi"]

fig, ax = plt.subplots(figsize=(6, 9))
for _, r in d.iterrows():
    m = r["shale"] in torisu
    ax.plot([0, 1], [r["y2023"], r["y2024"]], marker="o",
            color="black" if m else "lightgrey",
            lw=0.5 + r["n2024"] / 30, zorder=2 if m else 1)
    if m:
        ax.text(1.05, r["y2024"], r["shale"], va="center")
ax.plot([0, 1], [86, 76], "k:", lw=2)
ax.set_xticks([0, 1], ["2023", "2024"])
ax.set_xlim(-0.2, 1.5)
ax.set_ylim(40, 102)
plt.savefig("slope.svg")
```

ಮೇಲಿನ ಮಿತಿ 100 ಬದಲು 102 ಇಟ್ಟಿದ್ದು ನೂರರ ಚುಕ್ಕಿಗಳು ಅರ್ಧ ಕತ್ತರಿಸಿ ಹೋಗದಿರಲಿ ಅಂತ. ಕನ್ನಡ ಹೆಸರು ಹಾಕಿ ಚಿತ್ರವಾಗಿ ಉಳಿಸಿದಾಗ ನನ್ನ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಒಡೆದುಹೋಗಿದ್ದವು. `svg.fonttype` ಸಾಲು ಹಾಕಿ ಎಸ್‌ವಿಜಿಯಾಗಿ ಉಳಿಸಿದರೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಬ್ರೌಸರ್‌ನಲ್ಲಿ ತೆರೆದು ಅಲ್ಲಿಂದ ಪ್ರಿಂಟ್ ತೆಗೆಯಬಹುದು.

ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ. ಏನು ಮಾಡಲಿ?

ಹಾಳೆಯನ್ನು ಉದ್ದಕ್ಕೆ ಹಿಡಿಯಿರಿ. ಎ4ನಲ್ಲಿ ಚಾರ್ಟ್‌ಗೆ 22 ಸೆಂ.ಮೀ. ಎತ್ತರ ಸಿಕ್ಕಿ, ಅಳತೆ 40ರಿಂದ 100 ಇದ್ದರೆ, ಒಂದು ಅಂಶಕ್ಕೆ 3.7 ಮಿ.ಮೀ. ಬರುತ್ತದೆ. 9 ಪಾಯಿಂಟ್ ಅಕ್ಷರಕ್ಕೆ ಬೇಕಾಗುವುದು ಸುಮಾರು 3.2 ಮಿ.ಮೀ. ಅಂದರೆ ಒಂದು ಅಂಶ ಅಂತರ ಇರುವ ಎರಡು ಶಾಲೆಗಳ ಹೆಸರು ಹೇಗೋ ಹಿಡಿಸುತ್ತವೆ. ಅದಕ್ಕಿಂತ ಹತ್ತಿರ ಇದ್ದರೆ ಎರಡು ಹೆಸರನ್ನೂ ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಬರೆಯಿರಿ. ಹೆಸರನ್ನು ಸ್ವಲ್ಪ ಮೇಲೆ ಕೆಳಗೆ ಸರಿಸಬಹುದು, ಚುಕ್ಕಿಯನ್ನು ಮಾತ್ರ ಸರಿಸಬೇಡಿ.

ಎಲ್ಲ ಹೆಸರೂ ಬೇಕೇ ಅಂತಲೂ ಕೇಳಿಕೊಳ್ಳಿ. ಪ್ರೊಜೆಕ್ಟರ್‌ಗೆ ಐದು ಹೆಸರು ಸಾಕು. ಕೈಗೆ ಕೊಡುವ ಹಾಳೆಯಲ್ಲಿ ಎಲ್ಲ ಇರಲಿ, ಇಲ್ಲದಿದ್ದರೆ ಚಹಾ ಹೊತ್ತಿನಲ್ಲಿ 23 ಜನ ಬಂದು "ನಮ್ಮದೆಲ್ಲಿ ಸರ್" ಅಂತ ಕೇಳುತ್ತಾರೆ.

ಏರಿದ್ದಕ್ಕೆ ಹಸಿರು, ಇಳಿದಿದ್ದಕ್ಕೆ ಕೆಂಪು ಹಾಕಬಹುದಾ?

ಗೆರೆಯ ದಿಕ್ಕೇ ಅದನ್ನು ಹೇಳುತ್ತಿರುವಾಗ ಬಣ್ಣ ಯಾಕೆ? ಕೆಂಪು ಹಸಿರು ಬೇರೆ ಮಾಡಿ ನೋಡಲಾಗದವರೂ ಇರುತ್ತಾರೆ. ಜೆರಾಕ್ಸ್‌ನಲ್ಲಂತೂ ಎರಡೂ ಒಂದೇ ಬೂದಿ.

ಶಾಲೆಗಳು ಅರವತ್ತು ಇದ್ದರೆ? ಇನ್ನೂರು ಇದ್ದರೆ?

ನಲವತ್ತು ದಾಟಿದರೆ ಶಾವಿಗೆ ಆಗುತ್ತದೆ. ಅರವತ್ತು ಶಾಲೆ ಇದ್ದರೆ ಕ್ಲಸ್ಟರ್‌ಗೊಂದು ಸಣ್ಣ ಚಾರ್ಟ್ ಮಾಡಿ, ಎಲ್ಲದರಲ್ಲೂ ಅಳತೆ ಒಂದೇ ಇರಲಿ, ತಾಲ್ಲೂಕಿನ ಚುಕ್ಕಿ ಗೆರೆಯೂ ಎಲ್ಲದರಲ್ಲೂ ಬರಲಿ. ಇಡೀ ಜಿಲ್ಲೆಯ ಇನ್ನೂರು ಶಾಲೆಗಳಿಗೆ ಸ್ಲೋಪ್ ಚಾರ್ಟ್ ಬಿಟ್ಟು ಚುಕ್ಕಿ ಚಾರ್ಟ್‌ಗೆ ಹೋಗಿ. ಅಡ್ಡಕ್ಕೆ 2023, ಮೇಲಕ್ಕೆ 2024, ಶಾಲೆಗೊಂದು ಚುಕ್ಕಿ, ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ. ಗೆರೆಯ ಮೇಲಿದ್ದವರು ಏರಿದವರು, ಕೆಳಗಿದ್ದವರು ಇಳಿದವರು.

ಮೂರು ವರ್ಷ ಇದ್ದರೆ?

ಆಗ ಅದು ಮಾಮೂಲಿ ಲೈನ್ ಚಾರ್ಟ್. 2025ರ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ 62.34 ಆಗಿತ್ತು, ಅದನ್ನೂ ಸೇರಿಸಬೇಕು ಅಂದರೆ ಮೂರನೇ ನೆಟ್ಟನೆ ಗೆರೆ ಬೇಕು. ನಾನು ಹತ್ತು ಶಾಲೆಗಿಂತ ಜಾಸ್ತಿ ಇದ್ದರೆ ಹಾಗೆ ಮಾಡುವುದಿಲ್ಲ. ನಡುವಿನ ವರ್ಷದಲ್ಲಿ ಗೆರೆಗಳು ಗಂಟು ಬೀಳುತ್ತವೆ. 2023-24ಕ್ಕೆ ಒಂದು, 2024-25ಕ್ಕೆ ಒಂದು ಅಂತ ಎರಡು ಚಾರ್ಟ್ ಪಕ್ಕಪಕ್ಕ ಇಡುತ್ತೇನೆ.

ಒಂದು ಶಾಲೆಗೆ ಹೋದ ವರ್ಷದ ಅಂಕಿಯೇ ಇಲ್ಲ. ಈ ವರ್ಷವಷ್ಟೇ ಹತ್ತನೇ ತರಗತಿ ಶುರುವಾಗಿದೆ.

ಗೆರೆ ಬೇಡ, ಬಲಗಡೆ ಒಂದು ಚುಕ್ಕಿ ಮಾತ್ರ ಇಡಿ. ಎಕ್ಸೆಲ್‌ನಲ್ಲಿ ಆ ಸೆಲ್ ಖಾಲಿ ಬಿಡಿ. ಸೊನ್ನೆ ಹಾಕಿದರೆ ಆ ಶಾಲೆ ಪಾತಾಳದಿಂದ ಎದ್ದು ಬಂದ ಹಾಗೆ ಗೆರೆ ಬರುತ್ತದೆ. ಸೂತ್ರದಿಂದ `""` ಬರುವಂತೆ ಮಾಡಿದ್ದರೂ ಅಷ್ಟೇ, ಲೈನ್ ಚಾರ್ಟ್‌ನಲ್ಲಿ ಎಕ್ಸೆಲ್ ಅದನ್ನು ಸೊನ್ನೆ ಅಂತಲೇ ಎಣಿಸುತ್ತದೆ. ಸೂತ್ರ ಬೇಕೇ ಬೇಕು ಅಂದರೆ `""` ಬದಲು `NA()` ಬರೆಯಿರಿ. ಹೋದ ವರ್ಷ ಇದ್ದು ಈ ವರ್ಷ ಮುಚ್ಚಿದ ಶಾಲೆಗೆ ಎಡಗಡೆ ಮಾತ್ರ ಚುಕ್ಕಿ ಉಳಿಯುತ್ತದೆ. ಅದರ ಪಕ್ಕ "ಮುಚ್ಚಿದೆ" ಅಂತ ಬರೆದುಬಿಡಿ.